ಪಾರ್ಸೆಲ್ ಬಾಕ್ಸ್ ಜೊತೆಗೆ ಮನೆಗೆ ಬರುವ ಜಿರಳೆ

ನಾನು ಅಕೌಂಟೆಂಟ್. ಕೀಟಶಾಸ್ತ್ರ ಓದಿದವನಲ್ಲ, ಬಿ.ಕಾಂ. ಮಾಡಿದವನು. ಆದರೆ ಜರ್ಸಿ ಸಿಟಿಯಲ್ಲಿ ನಾಲ್ಕು ಜನ ಸೇರಿ ಇದ್ದ ಬಾಡಿಗೆ ಮನೆಯಲ್ಲಿ ಒಂದು ಚಳಿಗಾಲ ಪೂರ್ತಿ ಜಿರಳೆ ಲೆಕ್ಕ ಬರೆದಿಟ್ಟಿದ್ದೇನೆ. ಹಾಗಾಗಿ ಈ ವಿಷಯ ನೀವೇ ಬರೆಯಿರಿ ಅಂತ ಹೇಳಿದಾಗ ಒಪ್ಪಿಕೊಂಡೆ.

ನಮ್ಮ ಜೊತೆಗಿದ್ದ ಹಾಸನ ಕಡೆಯ ಹುಡುಗನೊಬ್ಬ ರೆಸ್ಟೋರೆಂಟ್ ಒಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಅಕ್ಟೋಬರ್ ಕೊನೆಗೆ ಕ್ವೀನ್ಸ್‌ನಿಂದ ನಮ್ಮ ಮನೆಗೆ ಬರುವಾಗ ಸಾಮಾನು ತುಂಬಲು ಕೆಲಸದ ಜಾಗದ ಹಿಂಬಾಗಿಲಿನಿಂದ ಏಳು ಖಾಲಿ ರಟ್ಟಿನ ಬಾಕ್ಸ್ ತಂದಿದ್ದ. ಹೊಸ ಬಾಕ್ಸ್ ಕೊಳ್ಳಲು ದುಡ್ಡು ಯಾಕೆ ದಂಡ ಅಂತ ನಾವೆಲ್ಲ ಮಾಡುವ ಕೆಲಸವೇ. ನಾಲ್ಕು ಬಾಕ್ಸ್ ಖಾಲಿ ಮಾಡಿ ಎಸೆದ. ಉಳಿದ ಮೂರನ್ನು ಬಟ್ಟೆ ಸಮೇತ ಮಂಚದ ಕೆಳಗೆ ತಳ್ಳಿದ. ಜನವರಿ ಎರಡನೇ ವಾರ ಬೆಡ್‌ರೂಮಿನ ಗೋಡೆಯ ಮೇಲ್ಭಾಗದಲ್ಲಿ ಎಳ್ಳಿಗಿಂತ ಸ್ವಲ್ಪ ದೊಡ್ಡ ಮರಿಗಳು ಓಡಾಡುತ್ತಿದ್ದವು. ಅಡುಗೆಮನೆಯಲ್ಲಿ ಒಂದೂ ಇಲ್ಲ. ಮೂರು ದಿನದ ಹಿಂದಷ್ಟೇ ಮನೆಗೆ ಹೊಸ ಟಿವಿ ಪಾರ್ಸೆಲ್ ಬಂದಿತ್ತು. "ಅಣ್ಣಾ, ಟಿವಿ ಬಾಕ್ಸ್‌ನಿಂದಲೇ ಬಂದಿರೋದು" ಅಂದ ಅವನು. ಮನೆ ನೋಡಿಕೊಳ್ಳುವ ಏಜೆಂಟ್ ಕೂಡ ಅದನ್ನೇ ಹಿಡಿದುಕೊಂಡ: ಪಾರ್ಸೆಲ್ ತರಿಸಿದ್ದು ನೀವು, ಔಷಧಿ ಖರ್ಚೂ ನಿಮ್ಮದೇ ಅಂತ.

ಇಬ್ಬರ ಮಾತೂ ತಪ್ಪಾಗಿತ್ತು. ಅದು ಹೇಗೆ ಅಂತ ತಿಳಿಯಬೇಕಾದರೆ ಮೊದಲು ಮೊಟ್ಟೆಯ ವಿಷಯ ತಿಳಿಯಬೇಕು.

ಮೊಟ್ಟೆಯಲ್ಲ, ಪರ್ಸು

ಜಿರಳೆ ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಡುವುದಿಲ್ಲ. ಎರಡು ಸಾಲಾಗಿ ಜೋಡಿಸಿ, ಸುತ್ತ ಒಂದು ಗಟ್ಟಿ ಕವಚ ಕಟ್ಟುತ್ತದೆ. ನೋಡಲು ಹಳೆಯ ಕಾಲದ ಚಿಲ್ಲರೆ ಪರ್ಸಿನ ಹಾಗೆ: ಉದ್ದಕ್ಕೆ ಸ್ವಲ್ಪ ಚಪ್ಪಟೆ, ಮೇಲಂಚಿನಲ್ಲಿ ಜಿಪ್ ಇದ್ದಂತೆ ಒಂದು ಏಣು. ಕವಚ ಹುಟ್ಟುವಾಗ ಮೆತ್ತಗೆ, ಬೆಳ್ಳಗೆ ಇರುತ್ತದೆ. ಆಮೇಲೆ ಅದರಲ್ಲಿರುವ ಪ್ರೋಟೀನ್, ಹಸಿ ಚರ್ಮ ಹದವಾಗಿ ಗಟ್ಟಿಯಾಗುವಂತೆ, ಬಿಗಿದು ಕಂದು ಬಣ್ಣಕ್ಕೆ ತಿರುಗುತ್ತದೆ. ಮೇಲಿನ ಏಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿದಾರಿಗಳಿವೆ. ಒಳಗಿನ ಮೊಟ್ಟೆಗೆ ಉಸಿರು ಸಿಗುತ್ತದೆ, ನೀರು ಬೇಗ ಆರಿಹೋಗುವುದಿಲ್ಲ. ನಾವು ಹೊಡೆಯುವ ಸ್ಪ್ರೇ ಈ ಕವಚ ದಾಟಿ ಒಳಗೆ ಇಳಿಯುವುದು ಕಷ್ಟ. ದೊಡ್ಡ ಜಿರಳೆಯೆಲ್ಲ ಸತ್ತು ಮನೆ ಸ್ವಚ್ಛವಾಯಿತು ಅಂದುಕೊಂಡ ಮೇಲೆ ಮತ್ತೆ ಮರಿಗಳು ಬರುವುದು ಇದರಿಂದಲೇ.

ಈ ಕಡೆಯ ಮನೆಗಳಲ್ಲಿ ಮುಖ್ಯವಾಗಿ ಮೂರು ಜಾತಿ ಕಾಣಸಿಗುತ್ತವೆ. ಮೂರೂ ಮೊಟ್ಟೆಯ ಪರ್ಸನ್ನು ಒಂದೇ ರೀತಿ ಸಾಗಿಸುವುದಿಲ್ಲ. ಪಾರ್ಸೆಲ್ ವಿಷಯದಲ್ಲಿ ತಿಳಿಯಬೇಕಾದ್ದು ಈ ವ್ಯತ್ಯಾಸವನ್ನೇ.

ಅಡುಗೆಮನೆಯಲ್ಲಿ ಹೆಚ್ಚು ಕಾಣುವುದು ಜರ್ಮನ್ ಜಿರಳೆ. ತಿಳಿ ಕಂದು ಮೈ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಇದರ ಪರ್ಸು ದಪ್ಪ ಗೋಧಿಕಾಳಿನಷ್ಟು, ಒಳಗೆ 30ರಿಂದ 40 ಮೊಟ್ಟೆ. ಆದರೆ ತಾಯಿ ಅದನ್ನು ಎಲ್ಲೂ ಬಿಟ್ಟು ಹೋಗುವುದಿಲ್ಲ. ಸುಮಾರು ನಾಲ್ಕು ವಾರ ಹೊಟ್ಟೆಯ ತುದಿಗೆ ಸಿಕ್ಕಿಸಿಕೊಂಡೇ ತಿರುಗುತ್ತದೆ. ಮರಿ ಹೊರಬರಲು ಒಂದೆರಡು ದಿನ ಇರುವಾಗ, ಕೆಲವೊಮ್ಮೆ ಅದೇ ಹೊತ್ತಿಗೆ, ಕೆಳಗೆ ಬಿಡುತ್ತದೆ. ಅಲ್ಲಿಯವರೆಗೆ ಮೊಟ್ಟೆಗಳಿಗೆ ನೀರು ತಾಯಿಯ ಮೈಯಿಂದಲೇ ಬರುತ್ತಿರುತ್ತದೆ. ಬಹಳ ಮೊದಲೇ ಕಳಚಿ ಬಿದ್ದರೆ ಮೊಟ್ಟೆ ಒಣಗಿ ಸಾಯುತ್ತದೆ. ಅಂದರೆ ಬಾಕ್ಸ್‌ನಲ್ಲಿ ಜರ್ಮನ್ ಜಿರಳೆಯ ಮೊಟ್ಟೆ ಬಂದಿದೆ ಅಂದರೆ ಬಹುಮಟ್ಟಿಗೆ ತಾಯಿಯೇ ಬಂದಿದೆ ಎಂದರ್ಥ.

ಎರಡನೆಯದನ್ನು ಇಲ್ಲಿ ಬ್ರೌನ್ ಬ್ಯಾಂಡೆಡ್ ಅನ್ನುತ್ತಾರೆ, ಕಂದು ಪಟ್ಟೆಯ ಜಿರಳೆ. ಜರ್ಮನ್‌ಗಿಂತ ಸ್ವಲ್ಪ ಸಣ್ಣದು. ಬೆನ್ನಿಗೆ ಅಡ್ಡಲಾಗಿ ತಿಳಿ ಬಣ್ಣದ ಪಟ್ಟಿಗಳು, ಮರಿಗಳಲ್ಲಿ ಇನ್ನೂ ಸ್ಪಷ್ಟ. ಇದಕ್ಕೆ ಜರ್ಮನ್ ಜಿರಳೆಯಷ್ಟು ನೀರು ಬೇಕಿಲ್ಲ. ಬೆಚ್ಚಗಿನ ಒಣ ಜಾಗ ಇಷ್ಟ. ಅದಕ್ಕೇ ಬೆಡ್‌ರೂಮು, ಬೀರುವಿನ ಮೇಲ್ಭಾಗ, ಫೋಟೋ ಫ್ರೇಮಿನ ಹಿಂದೆ, ಟಿವಿಯ ಬೆಚ್ಚಗಿನ ಒಳಭಾಗ ಇಲ್ಲೆಲ್ಲ ಸೇರಿಕೊಳ್ಳುತ್ತದೆ. ಇದರ ಪರ್ಸು ಹುರುಳಿಕಾಳಿನಷ್ಟೇ, ಸುಮಾರು 5 ಮಿಲಿಮೀಟರ್, ಬಣ್ಣವೂ ಹುರುಳಿಯದ್ದೇ. ಒಳಗೆ 10ರಿಂದ 18 ಮೊಟ್ಟೆ. ತಾಯಿ ಒಂದೆರಡು ದಿನ ಹೊತ್ತು ತಿರುಗಿ, ಮರೆಯಾದ ಜಾಗ ನೋಡಿ ಅಂಟಿಸಿ ಹೋಗಿಬಿಡುತ್ತದೆ. ಆ ಮೇಲೆ ಮರಿ ಬರಲು ಸಾಮಾನ್ಯವಾಗಿ ಏಳರಿಂದ ಹತ್ತು ವಾರ. ಅಷ್ಟು ದಿನ ತಾಯಿಯ ಹಂಗಿಲ್ಲ.

ಮೂರನೆಯದು ದೊಡ್ಡ ಕೆಂಪು ಜಿರಳೆ, ನಮ್ಮೂರಿನ ಬಚ್ಚಲ ಕಡೆ ಕಾಣುವುದೂ ಇದೇ. ಇಲ್ಲಿ ವಾಟರ್ ಬಗ್ ಅನ್ನುತ್ತಾರೆ, ಪುಸ್ತಕದ ಹೆಸರು ಅಮೆರಿಕನ್ ಜಿರಳೆ. ಪರ್ಸು ಸಣ್ಣ ಹುಣಸೆಬೀಜದ ಬಣ್ಣ, 8 ಮಿಲಿಮೀಟರ್ ಹತ್ತಿರ, ಒಳಗೆ 14ರಿಂದ 16 ಮೊಟ್ಟೆ. ಇದೂ ಎಲ್ಲಾದರೂ ಬಿಟ್ಟು ಹೋಗುತ್ತದೆ. ಆದರೆ ಇದಕ್ಕೆ ತೇವ ಬೇಕು. ಹಾಗಾಗಿ ಬೇಸ್‌ಮೆಂಟ್‌ನಲ್ಲಿ ತಿಂಗಳುಗಟ್ಟಲೆ ಇಟ್ಟ ಬಾಕ್ಸ್ ಮೇಲೆ ತಂದರೆ ಇದರ ಮೇಲೆ ಕಣ್ಣಿರಲಿ.

ರಟ್ಟು ಯಾಕೆ ಅಷ್ಟು ಅನುಕೂಲ

ಒಂದು ಬಾಕ್ಸಿನ ಅಂಚು ಕತ್ತರಿಸಿ ನೋಡಿ. ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆಅಲೆಯಾದ ಒಂದು ಹಾಳೆ ಇರುತ್ತದೆ. ಪಾರ್ಸೆಲ್‌ಗೆ ಬಳಸುವ ಸಾಮಾನ್ಯ ರಟ್ಟು ಒಟ್ಟು 3ರಿಂದ 4 ಮಿಲಿಮೀಟರ್ ದಪ್ಪ. ಅಂದರೆ ಬಾಕ್ಸಿನ ಪ್ರತಿ ಗೋಡೆಯೊಳಗೂ ಸಾಲು ಸಾಲು ಸುರಂಗ. ಜಿರಳೆಗೆ ಬೆನ್ನೂ ಹೊಟ್ಟೆಯೂ ಎರಡು ಕಡೆ ತಾಗುವಂಥ ಇಕ್ಕಟ್ಟು ಜಾಗದಲ್ಲೇ ನೆಮ್ಮದಿ. ಆಗತಾನೇ ಹುಟ್ಟಿದ ಮರಿಗೆ ಅರ್ಧ ಮಿಲಿಮೀಟರ್ ಸಂದು ಸಾಕು. ಬೆಳೆದ ಗಂಡು ಜರ್ಮನ್ ಜಿರಳೆಗೆ ಒಂದೂವರೆ ಮಿಲಿಮೀಟರಿನ ಆಸುಪಾಸು. ಮೊಟ್ಟೆ ಹೊತ್ತ ಹೆಣ್ಣಿಗೆ ಮಾತ್ರ ಸುಮಾರು ನಾಲ್ಕೂವರೆ ಬೇಕು. ಅದು ಸುರಂಗದೊಳಗೆ ಸಲೀಸಾಗಿ ಹೋಗದು. ಬಾಕ್ಸಿನ ತಳದಲ್ಲಿ ನಾಲ್ಕು ಮಡಿಕೆ ಒಂದರ ಮೇಲೊಂದು ಕೂರುತ್ತದಲ್ಲ, ಆ ಸಂದಿನಲ್ಲಿ ಕೂರುತ್ತದೆ. ನಾವು ಬಾಕ್ಸ್ ತೆರೆಯುವುದು ಮೇಲಿಂದ, ತಳದ ಮಡಿಕೆಯನ್ನು ಬಿಚ್ಚಿ ನೋಡುವವರು ಯಾರು?

ಅಂಟಿಸಿದ ಪರ್ಸಿಗೂ ಅದೇ ಸಂದು ಒಳ್ಳೆಯ ಜಾಗ. ಬಾಕ್ಸ್ ಎಷ್ಟು ಸಲ ಕೆಳಗೆ ಬಿದ್ದರೂ, ಟ್ರಕ್ಕಿನಲ್ಲಿ ಎಷ್ಟು ಕುಲುಕಿದರೂ ಅದು ಸುಲಭವಾಗಿ ಕಳಚುವುದಿಲ್ಲ. ರಟ್ಟಿನ ಬಣ್ಣವೂ ಕಂದು, ಪರ್ಸಿನ ಬಣ್ಣವೂ ಕಂದು. ಕಾಗದ ತೇವ ಹೀರಿ ನಿಧಾನಕ್ಕೆ ಬಿಡುತ್ತದೆ, ಚಳಿ ಸೆಖೆ ಒಳಗೆ ತಟ್ಟುವುದನ್ನೂ ತಡೆಯುತ್ತದೆ. ಜೊತೆಗೆ ರಟ್ಟಿನ ಹಾಳೆಗಳನ್ನು ಅಂಟಿಸುವುದು ಜೋಳದ ಗಂಜಿಯಂಥ ಪಿಷ್ಟದಿಂದ, ಅದು ಜಿರಳೆಗೆ ತಿನ್ನಲು ಬರುತ್ತದೆ. ಮನೆ, ಮರೆ, ಊಟ ಒಂದೇ ಕಡೆ. ಒಮ್ಮೆ ಜಿರಳೆ ಕೂತು ಎದ್ದ ರಟ್ಟಿನಲ್ಲಿ ಅದರ ಹಿಕ್ಕೆಯ ವಾಸನೆ ಉಳಿಯುತ್ತದೆ. ಆ ವಾಸನೆ ಬೇರೆ ಜಿರಳೆಗಳನ್ನು ಅಲ್ಲಿಗೇ ಕರೆಯುತ್ತದೆ. ಬಳಸಿದ ಬಾಕ್ಸ್ ಹೊಸದಕ್ಕಿಂತ ಅಪಾಯ ಅನ್ನುವುದು ಇದಕ್ಕೇ. ಫ್ಯಾಕ್ಟರಿಯಿಂದ ಬಂದ ಬಾಕ್ಸಿಗೂ, ವಾರಗಟ್ಟಲೆ ಅಡುಗೆಮನೆಯ ಹಿಂದೆ ಈರುಳ್ಳಿ ಹೊತ್ತುಕೊಂಡು ಕೂತಿದ್ದ ಬಾಕ್ಸಿಗೂ ಹೋಲಿಕೆಯೇ ಇಲ್ಲ.

ಸರಕಿನ ಜೊತೆ ಊರು ಬಿಡುವುದು ಈ ಜೀವಕ್ಕೆ ಹೊಸದಲ್ಲ. 2024ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನದ ಪ್ರಕಾರ ಜರ್ಮನ್ ಜಿರಳೆಯ ಮೂಲ ಜರ್ಮನಿಯಲ್ಲ. ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆ ಏಷ್ಯಾದ ಒಂದು ಕಾಡುಜಿರಳೆಯಿಂದ ಬೇರೆಯಾಯಿತು. ಸುಮಾರು 1,200 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾ ಕಡೆ ಹೋಯಿತು. ಯುರೋಪಿನ ಕಂಪನಿಗಳು ವ್ಯಾಪಾರಕ್ಕೆ ಬಂದ ಕಾಲದಲ್ಲಿ, ಅಂದರೆ ಸುಮಾರು 390 ವರ್ಷಗಳ ಹಿಂದೆ, ಪೂರ್ವದ ಕಡೆಗೂ ಹರಡಿತು. ನಮ್ಮ ಕಡೆಯಿಂದಲೇ ಹೊರಟದ್ದು ಇರಬಹುದು ನೋಡಿ, ನಮಗಿಂತ ಮೊದಲು ಗ್ರೀನ್ ಕಾರ್ಡ್ ಸಿಕ್ಕಿದೆ. ನ್ಯೂಯಾರ್ಕ್‌ನಲ್ಲೂ 2012ರಲ್ಲಿ ಮ್ಯಾನ್‌ಹ್ಯಾಟನ್ನಿನ ಹೈ ಲೈನ್ ಪಾರ್ಕಿನಲ್ಲಿ ಹೊಸ ಥರದ ಜಿರಳೆ ಸಿಕ್ಕಿತು. ನ್ಯೂಜರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ ಅದು ಜಪಾನ್ ಮೂಲದ ಜಾತಿ ಎಂದು ಗುರುತಿಸಿದರು. ಅಲಂಕಾರದ ಗಿಡಗಳ ಮಣ್ಣಿನ ಜೊತೆ ಬಂದಿರಬಹುದು ಎಂಬುದು ಅವರ ಊಹೆ.

ನಮ್ಮ ಮನೆಯ ಲೆಕ್ಕ

ಈಗ ನಮ್ಮ ಬೆಡ್‌ರೂಮಿಗೆ ಬರೋಣ. ಮರಿಗಳ ಬೆನ್ನಲ್ಲಿ ಅಡ್ಡ ಪಟ್ಟಿ ಇತ್ತು, ಅಡುಗೆಮನೆ ಬಿಟ್ಟು ಗೋಡೆಯ ಮೇಲ್ಭಾಗದಲ್ಲಿದ್ದವು. ಹಾಗಾಗಿ ಕಂದು ಪಟ್ಟೆಯ ಜಾತಿ. ಅದರ ಮೊಟ್ಟೆಗೆ ಏಳರಿಂದ ಹತ್ತು ವಾರ. ಅಕ್ಟೋಬರ್ ಕೊನೆಯಿಂದ ಎಣಿಸಿದರೆ ಡಿಸೆಂಬರ್ ನಡುವಿನಿಂದ ಜನವರಿ ಮೊದಲ ವಾರದವರೆಗೆ ಮರಿ ಬರಬೇಕು. ಲೆಕ್ಕ ಹಳೆಯ ಬಾಕ್ಸ್‌ಗೆ ಸರಿಯಾಗಿ ಕೂರುತ್ತದೆ.

ಆದರೆ ಇಷ್ಟರಿಂದಲೇ ಟಿವಿ ಬಾಕ್ಸ್ ನಿರಪರಾಧಿ ಅನ್ನಲಾಗದು. ಗೋದಾಮಿನಲ್ಲಿ ಎರಡು ತಿಂಗಳ ಹಿಂದೆ ಅಂಟಿಸಿದ ಪರ್ಸು ನಮ್ಮ ಮನೆಗೆ ಬಂದ ಮೂರನೇ ದಿನಕ್ಕೆ ಒಡೆಯಬಹುದಲ್ಲ. ಬರೀ ತಾರೀಕಿನಿಂದ ತೀರ್ಮಾನ ಆಗುವುದಿಲ್ಲ, ವೋಚರ್ ಬೇಕು. ಇಲ್ಲಿ ವೋಚರ್ ಅಂದರೆ ಖಾಲಿ ಪರ್ಸು. ಮರಿಗಳು ಹೊರಬಂದ ಮೇಲೂ ಅದು ಅಂಟಿದ ಕಡೆಯೇ ಉಳಿಯುತ್ತದೆ.

ಒಂದೊಂದೇ ಬಾಕ್ಸನ್ನು ದೊಡ್ಡ ಕಸದ ಚೀಲದಲ್ಲಿ ಹಾಕಿ ಕಟ್ಟಿ, ಬಾತ್‌ಟಬ್‌ಗೆ ತಂದು ಕತ್ತರಿಸಿದೆವು. ಬಿಳಿ ಟಬ್‌ನಲ್ಲಿ ಏನೇ ಬಿದ್ದರೂ ಕಾಣುತ್ತದೆ. ಟಿವಿ ಬಾಕ್ಸಿನ ಮಡಿಕೆಗಳಲ್ಲಿ ಏನೂ ಸಿಗಲಿಲ್ಲ. ಮಂಚದ ಕೆಳಗಿನ ಎರಡನೇ ಬಾಕ್ಸಿನ ತಳದ ಮಡಿಕೆ ಬಿಚ್ಚಿದಾಗ ಒಂದೇ ಕಡೆ ಒತ್ತಾಗಿ ಆರು ಪರ್ಸು ಅಂಟಿದ್ದವು, ಅಕ್ಕಪಕ್ಕ ಕಾಫಿಪುಡಿ ಉದುರಿದಂಥ ಕಪ್ಪು ಚುಕ್ಕೆ. ನಾಲ್ಕರ ಏಣು ಬಾಯಿಬಿಟ್ಟಿತ್ತು, ಎರಡರದ್ದು ಮುಚ್ಚಿತ್ತು. ಬಾಯಿಬಿಟ್ಟಿದ್ದರೆ ಮರಿ ಹೊರಬಂದಿದೆ ಎಂದು ಖಾತ್ರಿ. ಮುಚ್ಚಿದ ಮಾತ್ರಕ್ಕೆ ಒಳಗೆ ತುಂಬಿದೆ ಎಂದಲ್ಲ, ಮರಿ ಬಂದ ಮೇಲೂ ಕೆಲವು ಮತ್ತೆ ಕೂಡಿಕೊಳ್ಳುತ್ತವೆ. ಯಾವುದಾದರೂ ತುಂಬಿದೆ ಎಂದೇ ತಿಳಿದು ಎಸೆಯುವುದು ಲೇಸು. ಫೋಟೋ ತೆಗೆದು, ಪ್ಯಾಕಿಂಗ್ ಟೇಪನ್ನು ಪರ್ಸಿನ ಮೇಲೆ ಒತ್ತಿ ಎಳೆದು, ಅದೇ ಟೇಪನ್ನು ಮಡಚಿ ಗಟ್ಟಿಯಾಗಿ ಹಿಸುಕಿ, ಜಿಪ್ ಚೀಲಕ್ಕೆ ಹಾಕಿ ಹೊರಗಿನ ಕಸಕ್ಕೆ ಹಾಕಿದೆವು. ಬಾಕ್ಸನ್ನು ಕೊಡವಬೇಡಿ. ಪರ್ಸು ನೆಲಕ್ಕೆ ಬಿದ್ದರೆ ಹುರುಳಿಕಾಳು ಹುಡುಕಿದ ಹಾಗೆಯೇ.

ಹುಡುಗ ಬಹಳ ಬೇಜಾರು ಮಾಡಿಕೊಂಡ. "ಕೆಲಸದ ಜಾಗದ ಕೊಳೆ ಮನೆಗೆ ತಂದೆ ಅಣ್ಣಾ" ಅಂದ. ಆ ಬಾಕ್ಸನ್ನು ನಾವೇ ಮೇಲೆ ಹೊತ್ತು ತಂದವರು, ಅವನೊಬ್ಬನದೇ ತಪ್ಪೇನಲ್ಲ.

ಅಂಗಡಿಯಲ್ಲಿ ಸಿಗುವ ಹೊಗೆ ಡಬ್ಬಿ, ಇಲ್ಲಿ ಬಗ್ ಬಾಂಬ್ ಅನ್ನುತ್ತಾರಲ್ಲ, ಅದನ್ನು ಇಡಬೇಕು ಅಂತ ಒಬ್ಬ ಹಟ ಹಿಡಿದ. ನಾನು ಬೇಡವೆಂದೆ. ನಾರ್ತ್ ಕ್ಯಾರೊಲಿನಾ ರಾಜ್ಯ ವಿಶ್ವವಿದ್ಯಾಲಯದವರು ಜನ ವಾಸವಿರುವ ಮನೆಗಳಲ್ಲೇ ಪರೀಕ್ಷಿಸಿ 2019ರಲ್ಲಿ ವರದಿ ಮಾಡಿದ್ದಾರೆ: ಆ ಡಬ್ಬಿಗಳಿಂದ ಜರ್ಮನ್ ಜಿರಳೆ ಕಡಿಮೆಯಾಗಲಿಲ್ಲ, ಔಷಧಿ ಮಾತ್ರ ಮನೆಯ ನೆಲ ಕಟ್ಟೆಗಳ ಮೇಲೆ ಉಳಿಯಿತು. ಅದೇ ಪರೀಕ್ಷೆಯಲ್ಲಿ ಜೆಲ್ ಇಟ್ಟ ಮನೆಗಳಲ್ಲಿ ಜಿರಳೆ ಚೆನ್ನಾಗಿ ತಗ್ಗಿತು. ಹೊಗೆ ಬಯಲಲ್ಲಿ ಹರಡುತ್ತದೆ, ಜಿರಳೆ ಇರುವುದು ಸಂದಿನಲ್ಲಿ. ಜೆಲ್ಲನ್ನು ಸಂದಿಗೇ ಇಡುತ್ತೇವೆ. ಕಂದು ಪಟ್ಟೆಯದಾದರೆ ಸಿಂಕ್ ಕೆಳಗೆ ಇಟ್ಟು ಪ್ರಯೋಜನವಿಲ್ಲ. ಬೀರುವಿನ ಬಾಗಿಲ ಹಿಂಜಿನ ಹತ್ತಿರ, ಫ್ರೇಮಿನ ಹಿಂದೆ, ಕ್ಲಾಸೆಟ್ಟಿನ ಮೇಲಿನ ಹಲಗೆಯ ಅಂಚಿಗೆ ಸಣ್ಣ ಸಣ್ಣ ಚುಕ್ಕೆ ಇಡಬೇಕು, ಮಕ್ಕಳ ಕೈಗೆ ಸಿಗದಂತೆ. ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆದರೆ ಜಿರಳೆ ಹತ್ತಿರವೇ ಬರದು, ಎರಡೂ ವ್ಯರ್ಥ.

ನಾಲ್ಕು ಅಂಟುಬಲೆ ಇಟ್ಟು ಪ್ರತಿ ಭಾನುವಾರ ಎಣಿಸಿ ಬರೆದೆ. ಮೊದಲ ವಾರ 23. ಆಮೇಲೆ 11, 6. ನಾಲ್ಕನೇ ವಾರ ಮತ್ತೆ 9. ಔಷಧಿ ಕೆಲಸ ಮಾಡುತ್ತಿಲ್ಲ ಅಂತ ಎಲ್ಲರೂ ಕಂಗಾಲಾದರು. ಆದರೆ ಆ ಒಂಬತ್ತೂ ಆಗತಾನೇ ಹುಟ್ಟಿದ ಸಣ್ಣ ಮರಿಗಳು, ದೊಡ್ಡದು ಒಂದೂ ಇರಲಿಲ್ಲ. ನಮ್ಮ ಕಣ್ಣಿಗೆ ಬೀಳದ ಒಂದು ಪರ್ಸು ಎಲ್ಲೋ ಒಡೆದಿತ್ತು, ಅಷ್ಟೇ. ಹೊಸ ಜೆಲ್ ಇಟ್ಟೆವು. ಮುಂದೆ 3, 1, ಆಮೇಲೆ ಸೊನ್ನೆ. ಸೊನ್ನೆ ಬಂದ ಮೇಲೂ ಹತ್ತು ವಾರ ಬಲೆ ತೆಗೆಯಲಿಲ್ಲ, ಯಾಕೆಂದರೆ ಕೊನೆಯ ಮೊಟ್ಟೆಗೆ ಅಷ್ಟು ಕಾಲಾವಕಾಶ ಇದೆ.

ಖರ್ಚು ಯಾರದು

ಏಜೆಂಟಿಗೆ ಫೋಟೋ, ತಾರೀಕು ಹಾಕಿ ಇಮೇಲ್ ಬರೆದೆವು. ಜಿರಳೆ ಯಾವ ಬಾಕ್ಸಿನಲ್ಲಿ ಬಂತು ಎಂಬ ವಾದಕ್ಕೆ ಇಳಿಯಲಿಲ್ಲ. ಆಗ ಲೈಸೆನ್ಸ್ ಇರುವ ಕೀಟ ನಿಯಂತ್ರಣದವನು ಬಂದ, ಬಿಲ್ ನಮಗೆ ಬರಲಿಲ್ಲ.

ನ್ಯೂಯಾರ್ಕ್ ನಗರದಲ್ಲಿ 2018ರ 55ನೇ ಸ್ಥಳೀಯ ಕಾನೂನು ಇದೆ. ಜಿರಳೆಯಿಂದ ಅಸ್ತಮಾ ಕೆಡುತ್ತದೆ ಎಂಬ ಕಾರಣಕ್ಕೇ ಮಾಡಿದ್ದು. ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡದ ಮಾಲೀಕ ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕು, ಜಿರಳೆ ಇಲಿ ಇದ್ದರೆ ತೆಗೆಸಬೇಕು, ಬರೀ ಔಷಧಿ ಹೊಡೆದು ಹೋಗದೆ ಸಂದು ಮುಚ್ಚಿಸಿ ನೀರು ಸೋರುವುದನ್ನೂ ಸರಿಮಾಡಿಸಬೇಕು. ಬರೆದು ಕೇಳಿದರೂ ಮಾಡದಿದ್ದರೆ 311ಕ್ಕೆ ಕರೆ ಮಾಡಿ. ದುಭಾಷಿ ಬೇಕೆಂದು ಕೇಳಬಹುದು. ದೂರು ಕೊಡಲು ವೀಸಾ ವಿವರ ಹೇಳಬೇಕಿಲ್ಲ. ನ್ಯೂಜರ್ಸಿಯಲ್ಲಿ ಮೂರು ಅಥವಾ ಹೆಚ್ಚು ಮನೆಗಳ ಕಟ್ಟಡಗಳನ್ನು ರಾಜ್ಯದ ವಸತಿ ತಪಾಸಣಾ ವಿಭಾಗ ನೋಡಿಕೊಳ್ಳುತ್ತದೆ. ಅದು ಸಮುದಾಯ ವ್ಯವಹಾರಗಳ ಇಲಾಖೆಯ ಕೆಳಗೆ ಬರುತ್ತದೆ. ಎರಡೇ ಮನೆಯ ಕಟ್ಟಡವಾದರೆ ನಿಮ್ಮ ಊರಿನ ಹೆಲ್ತ್ ಡಿಪಾರ್ಟ್‌ಮೆಂಟಿನಲ್ಲಿ ಕೇಳಿ. ಬಾಯಿಮಾತಿನ ದೂರು ಲೆಕ್ಕಕ್ಕಿಲ್ಲ, ಮೆಸೇಜ್ ಆದರೂ ಬರಹದಲ್ಲಿರಲಿ.

ಇನ್ನು ದಿನಾ ಬರುವ ಪಾರ್ಸೆಲ್. ಅದಕ್ಕೆಲ್ಲ ಹೆದರಿ ಕೂರುವ ಅಗತ್ಯವಿಲ್ಲ. ಬಾಗಿಲ ಬಳಿಯೇ ತೆರೆಯಿರಿ, ಸಾಮಾನು ತೆಗೆಯಿರಿ, ತಳದ ಮಡಿಕೆ ಬಿಚ್ಚಿ ಒಮ್ಮೆ ನೋಡಿ, ಬಾಕ್ಸನ್ನು ಚಪ್ಪಟೆ ಮಾಡಿ ಅದೇ ದಿನ ಮನೆಯಿಂದ ಹೊರಗೆ ಹಾಕಿ. ಒಂದು ನಿಮಿಷದ ಕೆಲಸ. ಮೊಟ್ಟೆಗೆ ವಾರಗಟ್ಟಲೆ ಕಾಲ ಬೇಕು, ಬಾಕ್ಸ್ ಆ ದಿನವೇ ಹೋದರೆ ಅದಕ್ಕೆ ಕಾಲವೇ ಸಿಗದು. ಮುಂದೆ ಬೇಕಾಗುತ್ತದೆ ಅಂತ ಎತ್ತಿಡುವ ಖಾಲಿ ಬಾಕ್ಸೇ ನಿಜವಾದ ತೊಂದರೆ. ಮನೆ ಬದಲಿಸುವಾಗ ಹಳೆಯ ಬಾಕ್ಸ್ ಬೇಕೇ ಬೇಕಾದರೆ ರೆಸ್ಟೋರೆಂಟ್, ತರಕಾರಿ ಅಂಗಡಿ ಬಿಟ್ಟು ಆಫೀಸಿನ ಪೇಪರ್ ಬಾಕ್ಸ್ ಕೇಳಿ. ಬಟ್ಟೆ ಇಡಲು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ ಒಳ್ಳೆಯದು.

ಊರಿಂದ ಅಮ್ಮ ಕಳಿಸುವ ಪಾರ್ಸೆಲ್‌ನಲ್ಲಿ ಸಾಂಬಾರು ಪುಡಿ, ಬೇಳೆ ಜೊತೆ ಬರುವ ಸಣ್ಣ ಹುಳು ಜಿರಳೆಯಲ್ಲ, ಧಾನ್ಯದ ಹುಳು. ಅದಕ್ಕೆ ಜೆಲ್ ಬೇಡ. ಪ್ಯಾಕೆಟ್ಟನ್ನು ಮೂರ್ನಾಲ್ಕು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿದರೆ ಮುಗಿಯಿತು. ಆದರೆ ಅಮ್ಮ ಕಳಿಸಿದ ಆ ರಟ್ಟಿನ ಬಾಕ್ಸನ್ನೂ, ಮೇಲೆ ಅವರ ಕೈಬರಹ ಇದ್ದರೂ, ಅದೇ ದಿನ ಹೊರಗೆ ಹಾಕಿ. ವಿಳಾಸದ ಚೀಟಿ ಕತ್ತರಿಸಿ ಇಟ್ಟುಕೊಳ್ಳಿ, ನಾನೂ ಹಾಗೇ ಮಾಡುತ್ತೇನೆ.